ಪಿಎಚ್ 4.8, ರಂಜಕ ಜಾಸ್ತಿ, ಪೊಟ್ಯಾಷ್ ಕಡಿಮೆ: ಅಡಿಕೆಗೆ ಏನು ಹಾಕಿದಿರಿ?

ಪ್ರಶ್ನೆ: ಬದಿಯಡ್ಕದ ಹತ್ತಿರ ಅರ್ಧ ಎಕರೆ ಅಡಿಕೆ ಇದೆ. ಮಣ್ಣಿನ ಕಾರ್ಡಿನ ಫೋಟೋ ಹಾಕಿದ್ದೇನೆ. ಪಿಎಚ್ 4.8, ರಂಜಕ 62, ಪೊಟ್ಯಾಷ್ 84, ಬೋರಾನ್ 0.2. ಗೊಬ್ಬರದ ಲೆಕ್ಕ ಹೆಕ್ಟೇರಿಗೆ ಕೊಟ್ಟಿದ್ದಾರೆ. ಒಂದು ಮರಕ್ಕೆ ಎಷ್ಟು? ಅನುಭವ ಇದ್ದವರು ಹೇಳಿ.

ಮುಳ್ಳೇರಿಯದವ: ಸುಣ್ಣ ಹಾಕಿ, ಅಷ್ಟೇ. ನನ್ನದೂ ಇದೇ ಪಿಎಚ್. ಮರಕ್ಕೆ ಒಂದೂವರೆ ಕಿಲೋ ಹಾಕಿಸಿದೆ. ಸುಣ್ಣಕ್ಕಿಂತ ಜಾಸ್ತಿ ಹೋದದ್ದು ಆಳಿನ ಸಂಬಳಕ್ಕೆ. ತೋಟಕ್ಕೆ ಪಿಕಪ್ ಇಳಿಯುವುದಿಲ್ಲ, ಎಲ್ಲ ತಲೆಹೊರೆ. ಆಳು ಇದ್ದಾಗಲೇ ಮುಗಿಯಲಿ ಎಂದು ಯೂರಿಯಾವನ್ನೂ ಅದೇ ದಿನ ಹಾಕಿಸಿದೆ. ಆಮೇಲೆ ತೋಟವಿಡೀ ಮೂಗಿಗೆ ಹೊಡೆಯುವ ವಾಸನೆ! ಗೊಬ್ಬರ ಹಿಡಿದಿದೆ ಎನ್ನಲು ಬೇರೆ ಸಾಕ್ಷಿ ಬೇಕಾ?

ಪೆರ್ಲದ ಅಕ್ಕ: ಭಾವ, ಆ ವಾಸನೆಯೇ ನಿಮ್ಮ ಯೂರಿಯಾ. ದುಡ್ಡು ಗಾಳಿಗೆ ಹೋಯಿತು. ನಾವು ಬೇಸಿಗೆ ಮಳೆ ಬಿದ್ದ ಮೇಲೆ ಮರಕ್ಕೆ ಅರ್ಧ ಕಿಲೋ ಸುಣ್ಣ ಹಾಕಿ, ಎರಡು ಮೂರು ವಾರ ಬಿಟ್ಟೇ ಗೊಬ್ಬರ ಕೊಡುವುದು.

ನಮ್ಮ ಕಾರ್ಡಲ್ಲೂ ರಂಜಕ 50 ದಾಟಿತ್ತು. 25 ದಾಟಿದರೇ ಜಾಸ್ತಿ ಅಲ್ವಾ? ಪೊಟ್ಯಾಷ್ ಮಾತ್ರ ನೂರರೊಳಗೆ. ಇದೆಲ್ಲ ನಮ್ಮ ಯಜಮಾನರ 20-20-0-13 ಪ್ರೀತಿ. ವರ್ಷವೂ ಅದೇ ಚೀಲ. ಆ ಸೊನ್ನೆ ಪೊಟ್ಯಾಷಿನದ್ದು ಎಂದು ಹೇಳಿದರೆ ಕೇಳಬೇಕಲ್ಲ! ರಂಜಕ ಮುರಕಲ್ಲು ಮಣ್ಣಲ್ಲೇ ಕೂರುತ್ತದೆ, ಪೊಟ್ಯಾಷ್ ಮಳೆಗೆ ತೊಳೆದು ಹೋಗುತ್ತದೆ. ಈಗ ರಂಜಕ ಕೊಡುವ ರಾಕ್ ಫಾಸ್ಫೇಟ್ ಪೂರ್ತಿ ನಿಲ್ಲಿಸಿದ್ದೇವೆ. ಮರಕ್ಕೆ ವರ್ಷಕ್ಕೆ ಯೂರಿಯಾ 220 ಗ್ರಾಂ, ಪೊಟ್ಯಾಷಿಗೆ ಎಂಒಪಿ 230 ಗ್ರಾಂ, ಎರಡು ಕಂತಲ್ಲಿ.

ಹೆಕ್ಟೇರಿನ ಲೆಕ್ಕವನ್ನು ನಾನು 1370ರಿಂದ ಭಾಗಿಸುತ್ತೇನೆ. ಒಂಬತ್ತಡಿ ಅಂತರದ ತೋಟದಲ್ಲಿ ಅಷ್ಟು ಮರ. ನಮ್ಮಲ್ಲಿ ಎಂಒಪಿ 320 ಕಿಲೋ ಎಂದಿತ್ತು, ಮರಕ್ಕೆ 233 ಗ್ರಾಂ ಬಂತು. ಬೋರಾನಿಗೆ ಮರಕ್ಕೆ ಬೋರಾಕ್ಸ್ 25 ಗ್ರಾಂ ಹಾಕಿದೆವು. ಅದನ್ನು ಮುಷ್ಟಿಯಲ್ಲಿ ಎರಚಬೇಡಿ, ಜಾಸ್ತಿಯಾದರೆ ವಿಷ.

ಮುಳ್ಳೇರಿಯದವ: ಲೆಕ್ಕ ಜೋರಾಗಿದೆ. ಅಡಿಕೆ ಎಷ್ಟು ಕ್ವಿಂಟಲ್ ಆಯಿತು, ಅದನ್ನು ಹೇಳಿ. ನನ್ನ ತೋಟ ಹಸಿರಾಗಿದೆ.

ಎಣ್ಮಕಜೆ ಕೃಷಿಕ: ನನ್ನ ತೋಟದಲ್ಲಿ ಹಳೇ ಸೋಗೆಗಳು ಅಂಚಿನಿಂದ ಹಳದಿಯಾಗಿದ್ದವು, ನಡು ಮಾತ್ರ ಹಸಿರು. ನೋಡಿದವರೆಲ್ಲ ಹಳದಿ ಎಲೆ ರೋಗ ಎಂದು ಹೆದರಿಸಿದರು. ಮರ ಕಡಿಯುವ ಮಾತೂ ಬಂತು. ಕಾರ್ಡು ನೋಡಿದರೆ ಅದರ ಹನ್ನೆರಡು ಸಾಲಲ್ಲಿ ಮೆಗ್ನೀಷಿಯಂ ಇಲ್ಲವೇ ಇಲ್ಲ! ಸುಣ್ಣದ ಬದಲು ಮೆಗ್ನೀಷಿಯಂ ಇರುವ ಡೋಲೋಮೈಟ್ ಹಾಕಿದೆ. ಹಳದಿಯಾದದ್ದು ಹಾಗೇ ಒಣಗಿತು, ಆಮೇಲೆ ಬಂದ ಸೋಗೆ ಹಸಿರಾಗಿ ನಿಂತಿತು. ಪೊಟ್ಯಾಷ್ ಒಂದನ್ನೇ ಏರಿಸಿದರೆ ಮರಕ್ಕೆ ಮೆಗ್ನೀಷಿಯಂ ಇನ್ನೂ ಕಡಿಮೆ ಸಿಗುತ್ತದೆ, ಅಕ್ಕ. ನೋಡಿಕೊಳ್ಳಿ.

ಪೆರ್ಲದ ಅಕ್ಕ: ನಮ್ಮಲ್ಲಿ ಹಳದಿ ಬಂದಿಲ್ಲ. ಇಲ್ಲದ ರೋಗಕ್ಕೆ ಮದ್ದು ಯಾಕೆ?

ಕುಂಬಳೆ ಹಳೇ ತೋಟ: ಎಲ್ಲರೂ ಕಾರ್ಡನ್ನೇ ನಂಬಿ ಕೂತಿದ್ದೀರಿ. ನನ್ನ ಸ್ಯಾಂಪಲ್ ತೆಗೆದವರು ಗೊಬ್ಬರ ಹಾಕಿ ತಿಂಗಳಾಗದ ಬುಡದಿಂದ ಮೇಲಿನ ಮಣ್ಣು ಕೆರೆದುಕೊಂಡು ಹೋದರು. ರಂಜಕ 140! ಇವರ 62 ಯಾವ ಬುಡದ್ದು, ಯಾವ ತಿಂಗಳದ್ದು, ಯಾರಾದರೂ ಕೇಳಿದಿರಾ? ನಮ್ಮದು ಹಟ್ಟಿಗೊಬ್ಬರ, ಸೊಪ್ಪು. ಕಾರ್ಡು ಬೇಡ.

ಮುಳ್ಳೇರಿಯದವ: ಹಟ್ಟಿಗೊಬ್ಬರ ಹೊರಲು ನಿಮಗೆ ಆಳು ಎಲ್ಲಿ ಸಿಕ್ಕಿತು ಮಾರಾಯ್ರೆ? ನಂಬರ್ ಕೊಡಿ.