ಬಿಲ್‌ನ್ಯಾಗ ಒಂದು ಬ್ಯಾಚ್, ಬಾಕ್ಸಿನ್ಯಾಗ ಇನ್ನೊಂದು

ಮಲ್ಲಿಕಾರ್ಜುನ (ಸ್ಟಾಕಿಸ್ಟ್, ಕಲಬುರಗಿ): ಮೇಡಂ, ಮಕ್ಕಳ ಸಿರಪ್ಪಿಂದು ಒಂದು ಬ್ಯಾಚ್ ವಾಪಸ್ ಕಳಿಸ್ರಿ ಅಂತ ನಿನ್ನೆ 22ಕ್ಕ ಕಂಪನಿ ಪತ್ರ ಬಂತು. 240 ಬಾಟ್ಲಿ ಬಂದಿದ್ವು, 198 ಬಿಲ್ ಆಗ್ಯಾವ. ಕಂಪ್ಯೂಟರ್ 42 ತೋರಸ್ತದ, ರ್‍ಯಾಕಿನ್ಯಾಗ 26 ಅವ. 16 ಒಡದಾವ ಅಂತ ಬರದು ಮುಗಸ್ಲೇನ್ರಿ?

ಸುನಂದಾ (ಫಾರ್ಮಸಿಸ್ಟ್, ಗೋದಾಮು ಆಡಿಟ್): ಬರೀಬ್ಯಾಡ್ರಿ! ಅದೇ ಸಿರಪ್ಪಿನ ಬ್ಯಾರೆ ಬ್ಯಾಚ್ ಅದ ಏನು? ಅದನ್ನ ಕೈಲೆ ಎಣಿಸಿ ಹೇಳ್ರಿ.

ಮಲ್ಲಿಕಾರ್ಜುನ: ಅದ. ಈಗ ವಾಪಸ್ ಕೇಳ್ಯಾರಲ್ಲ, ಆ ಹಳೇದು 3ಕ್ಕ ಬಂದಿತ್ತು, ಹೊಸಾದು 14ಕ್ಕ. ಹೊಸಾದು ಕಂಪ್ಯೂಟರ್‌ದಾಗ 90, ಎಣಿಸಿದ್ರ 106.

ಸುನಂದಾ: ಹಂಗಾದ್ರ ಒಡದಿಲ್ಲ, ಕಳವೂ ಆಗಿಲ್ಲ. ಒಂದರಾಗ 16 ಕಮ್ಮಿ, ಇನ್ನೊಂದರಾಗ 16 ಹೆಚ್ಚು. ಬಿಲ್ ಹೊಸಾ ಬ್ಯಾಚಿನ ಹೆಸರಿಲೆ ಆಗ್ಯದ, ಹುಡುಗ ಕೈಗೆ ಸಿಕ್ಕ ಹಳೇ ಬಾಟ್ಲಿ ಡಬ್ಬ್ಯಾಗ ಹಾಕ್ಯಾನ. ಈಗ ನೀವು ಕಂಪ್ಯೂಟರ್‌ದಾಗ ಹಳೇ ಬ್ಯಾಚ್ ನಂಬರ್ ಹೊಡದು ತೆಗದ ಅಂಗಡಿ ಪಟ್ಟಿ ಅದಲ್ಲ, ಅದರಾಗ ಆ 16 ಬಾಟ್ಲಿ ಹೋದ ಅಂಗಡಿ ಇರಂಗೇ ಇಲ್ಲ. ಅವರಿಗೆ ಫೋನೂ ಹೋಗಂಗಿಲ್ಲ, ಅವರು ಮಾರ್ಕೋತ ಕೂಡ್ತಾರ. ನನಗ ಚಿಂತಿ ಇರೋದು ಅದೇ.

14ಕ್ಕಿಂತ ಮುಂಚೆ ಗೋದಾಮಿನ್ಯಾಗ ಹೊಸಾದು ಇದ್ದಿದ್ದೇ ಇಲ್ಲ, ಅದಕ್ಕ ಅದಲು ಬದಲು ಆಗಿದ್ರ 14ರಿಂದ ಈಚೆಗೇ. ಅವತ್ತಿಂದ ಹೊಸಾ ಬ್ಯಾಚ್ ಬಿಲ್ ಮಾಡಿದ ಅಂಗಡಿ ಎಲ್ಲಾ ತೆಗೀರಿ. ಹಳೇ ಪಟ್ಟಿಯವರಿಗೂ ಇವರಿಗೂ ಇವತ್ತೇ ಫೋನ್ ಮಾಡ್ರಿ. "ಬಿಲ್ ನೋಡಬ್ಯಾಡ್ರಿ, ಬಾಟ್ಲಿ ಮ್ಯಾಲಿನ ನಂಬರ್ ಓದಿ ಹೇಳ್ರಿ" ಅಂತ ಕೇಳ್ರಿ. ಫೋಟೊ ತರಿಸ್ಕೊಂಡ್ರ ಇನ್ನೂ ಚಲೋ.

ಒಂದು ಮಾತು: 16 ಅನ್ನೋದು ಕಳದು ಕೂಡಿ ಉಳದ ಲೆಕ್ಕ. 20 ಹಂಗ ಹೋಗಿ 4 ಉಲ್ಟಾ ಹೋಗಿದ್ರೂ 16 ಕಾಣ್ತದ. 16 ಸಿಕ್ವು ಅಂತ ನಿಲ್ಲಿಸಬ್ಯಾಡ್ರಿ, ಎಲ್ಲಾ ಅಂಗಡಿ ಮುಗೀಲಿ.

ಇರೋ 26 ಬ್ಯಾರೆ ಇಟ್ಟು, ಮಾರಾಟಕ್ಕಲ್ಲ ಅಂತ ಚೀಟಿ ಅಂಟಿಸಿ ಕೀಲಿ ಹಾಕ್ರಿ. ಕಂಪ್ಯೂಟರ್‌ದಾಗ ಬ್ಯಾಚ್ ಬಂದ್ ಮಾಡ್ರಿ. ನೀವೇ ಚೆಲ್ಲಬ್ಯಾಡ್ರಿ, ಕಂಪನಿಗೆ ಲೆಕ್ಕ ಸಮೇತ ಹೋಗಬೇಕು. ಪತ್ರದಾಗ ಒಂದನೇ ವರ್ಗ, ಅಂದ್ರ ಜೀವಕ್ಕ ಅಪಾಯ, ಅಂತ ಇದ್ರ ಮಾಲು ವಾಪಸ್ ತರಿಸ್ಲಿಕ್ಕ 24 ತಾಸು, ಭಾಳಂದ್ರ 72.

ಇಕ್ಬಾಲ್ (ಸ್ಟಾಕಿಸ್ಟ್, ಬೀದರ್): ಈಗ ಕ್ಯೂಆರ್ ಬಂದದಲ್ರಿ, ಸ್ಕ್ಯಾನ್ ಮಾಡಿದ್ರ ಎಲ್ಲಾ ಗೊತ್ತಾಗ್ತದ. ಇಷ್ಟು ತಲಿ ಬಿಸಿ ಯಾಕ?

ಸುನಂದಾ: 2023ರ ಆಗಸ್ಟ್‌ನಿಂದ ಕಡ್ಡಾಯ ಆಗಿದ್ದು 300 ಬ್ರಾಂಡಿಗೆ ಮಾತ್ರ. ಅದೂ ಬಾಟ್ಲಿ ಯಾವ ಬ್ಯಾಚು ಅಂತ ಹೇಳ್ತದ, ನೀವು ಯಾರಿಗೆ ಕೊಟ್ರಿ ಅಂತ ಹೇಳಂಗಿಲ್ಲ.

ರೇವಣಸಿದ್ದ (ಮೆಡಿಕಲ್, ಅಫಜಲಪುರ): ಸ್ಟಾಕಿಸ್ಟ್ ಮಂದಿ ಹಿಂಗೇ. 10ಕ್ಕ 1 ಫ್ರೀ ಅಂತಾರ, ಫ್ರೀ ಬಾಟ್ಲಿ ಬ್ಯಾಚು ಬ್ಯಾರೇನೇ ಇರ್ತದ.

ಇಕ್ಬಾಲ್: ನೀವು ವಾಪಸ್ ಕಳಸೋವು? ಇನ್ನೊಬ್ಬರ ಹತ್ರ ತಗೊಂಡ ಮಾಲು ನಮ್ಮ ಬಿಲ್ಲಿಗೆ ಅಂಟಿಸಿ ಕಳಸ್ತೀರಿ.

ರೇವಣಸಿದ್ದ: ಸಾಬೀತು ಮಾಡ್ರಿ ಮೊದಲ.

ಸುನಂದಾ: ಇಬ್ಬರೂ ಖರೇನೇ ಹೇಳಾಕತ್ತೀರಿ, ಅದಕ್ಕೇ ಲೆಕ್ಕ ಕೆಡೋದು. ಫ್ರೀ ಮಾಲಿಗೂ ಬಿಲ್‌ನ್ಯಾಗ ಬ್ಯಾಚ್ ಸಮೇತ ಒಂದು ಸಾಲು ಬರೀಬೇಕು. ವಾಪಸ್ ಬಂದದ್ದನ್ನ ಬಾಟ್ಲಿ ನೋಡಿ ಏರಿಸ್ಬೇಕು, ಚೀಟಿ ನೋಡಿ ಅಲ್ಲ.

ವಿಜಯಲಕ್ಷ್ಮಿ (ಯಾದಗಿರಿ): ಬಿಲ್ ಎಷ್ಟು ವರ್ಷ ಇಡ್ಬೇಕ್ರಿ?

ಸುನಂದಾ: ಹೋಲ್‌ಸೇಲಿಗೆ ಮಾರಿದ ದಿನದಿಂದ 3.

ನಾಗರಾಜ: *ಫಾರ್ವರ್ಡ್* ಈ 50 ಔಷಧಿ ಬ್ಯಾನ್! ಇವತ್ತೇ ಎಸೆಯಿರಿ!! ಎಲ್ಲಾ ಗ್ರೂಪಿಗೂ ಕಳಿಸಿ!!

ಸುನಂದಾ: ಇದರಾಗ ಒಂದು ಬ್ಯಾಚ್ ನಂಬರ್ ಅದ ಏನ್ರಿ? ಪರೀಕ್ಷೆದಾಗ ಫೇಲ್ ಆಗೋದು ಒಂದು ಬ್ಯಾಚು, ಆ ಹೆಸರಿನ ಎಲ್ಲಾ ಗುಳಿಗಿ ಅಲ್ಲ. ಹೋದ ಸಲ ಇಂಥದೇ ಓದಿ ಒಬ್ಬ ಅಜ್ಜ ಬಿಪಿ ಗುಳಿಗಿ ಬಿಟ್ಟು ದವಾಖಾನಿ ಸೇರಿದ್ರು. ಡಿಲೀಟ್ ಮಾಡ್ರಿ.

ನಾಗರಾಜ: ಒಳ್ಳೇದಕ್ಕೇ ಹಾಕೀನಿ ಮೇಡಂ.

ಸುನಂದಾ: ಡಿಲೀಟ್ ಮಾಡ್ರಿ.

ಶಾಂತವೀರ (ತೊಗರಿಬೇಳೆ ವ್ಯಾಪಾರ, ಸೇಡಂ): ನಾವು ಮೂರು ಮಿಲ್ಲಿನ ಬ್ಯಾಳಿ ಒಂದೇ ಕಡೆ ಸುರುವಿ ಕಿಲೋ ಪಾಕೀಟ್ ಮಾಡ್ತೀವಿ. ಒಂದು ಮಿಲ್ಲಿಂದು ಕೆಟ್ರ ಬರೇ ಅದನ್ನ ತರಿಸ್ಬಹುದಾ?

ಅರುಣ: ಬಿಲ್ ಎಷ್ಟು ವರ್ಷ ಇಡಬೇಕು?

ಸುನಂದಾ: ಮ್ಯಾಲೆ ನೋಡ್ರಿ.

ರೇವಣಸಿದ್ದ: ಶಾಂತವೀರಣ್ಣ, ನಿಮ್ದು ಸುಲಭ ಬಿಡ್ರಿ. ಬ್ಯಾಳಿಗೆ ಬ್ಯಾಚ್ ಯಾರು ಕೇಳ್ತಾರ?

ಶಾಂತವೀರ: ಪಾಕೀಟಿನ ಮ್ಯಾಲೆ ನಾವೇ ಲಾಟ್ ನಂಬರ್ ಹಾಕೀವಿ, ಕೇಳಂಗಿಲ್ಲ ಹೆಂಗ? ನಾನು ಮೇಡಂ ಅವರಿಗೆ ಕೇಳಿದ್ದು.

ಮಲ್ಲಿಕಾರ್ಜುನ: ಮೇಡಂ, 14ರಿಂದ ಹೊಸಾ ಬ್ಯಾಚಿನ ಬಿಲ್ 11 ಅಂಗಡಿಗೆ ಆಗ್ಯಾವ. 9 ಮಂದಿ ಬಾಟ್ಲಿ ನೋಡಿ ಹೇಳಿದ್ರು. ಅಫಜಲಪುರದಾಗ ಒಂದು ಅಂಗಡ್ಯಾಗ 7, ಜೇವರ್ಗ್ಯಾಗ 4 ಹಳೇವು ಸಿಕ್ಕಾವ. ಜೇವರ್ಗಿಯವರು 2 ಮಾರ್‍ಯಾರಂತ. ಇಬ್ಬರು ಫೋನ್ ಎತ್ತವಲ್ರು.

ಸುನಂದಾ: ಆ ಎರಡು ಅಂಗಡಿಗೆ ಹುಡುಗನ್ನ ಗಾಡಿ ಮ್ಯಾಲೆ ಕಳಿಸ್ರಿ, ಇವತ್ತೇ. ಜೇವರ್ಗಿಯವರಿಗೆ ಹೇಳಿ, ಆ ಎರಡು ಯಾವ ಡಾಕ್ಟರ್ ಚೀಟಿ ಮ್ಯಾಲೆ ಹೋದ್ವು ಅಂತ ಹುಡಕ್ರಿ.

ರೇವಣಸಿದ್ದ: ಅಫಜಲಪುರ ಅಂದ್ರ ಯಾವ ಅಂಗಡಿ ಅದು?

ಮಲ್ಲಿಕಾರ್ಜುನ: ನಿಮ್ಮದೇ ರೀ ಅಣ್ಣಾ. ನಿಮ್ಮ ತಮ್ಮ ಎಣಿಸಿ ಹೇಳಿದ್ದು.