ಎಳೆದಷ್ಟೂ ಬಿಗಿಯುತ್ತೆ

"ದೊಡ್ಡಮ್ಮ, ವರಾಂಡದ ಮೂಲೇಲಿ ಒಂದು ಬಾವಲಿ ನಿನ್ನೆ ಬೆಳಗ್ಗೆಯಿಂದ ತಲೆಕೆಳಗಾಗಿ ನೇತಾಡ್ತಿದೆ, ಒಂಚೂರೂ ಅಲ್ಲಾಡ್ತಿಲ್ಲ. ಸತ್ತಿದೆಯೋ ಏನೋ. ಯಾಕೆ ತಲೆಕೆಳಗೇ ಇರುತ್ತೆ ಅದು? ಅಷ್ಟು ಹೊತ್ತು ಹಾಗಿದ್ರೆ ರಕ್ತ ಎಲ್ಲ ತಲೆಗೆ ಇಳಿಯಲ್ವಾ? ಪುಟ್ಟು ಕೋಲಲ್ಲಿ ತಳ್ಳಿ ನೋಡ್ತೀನಿ ಅಂತಿದಾನೆ, ನಂಗೆ ಭಯ."

ಪುಟ್ಟೂ, ಕೋಲು ಕೆಳಗಿಡು. ಮೊದಲು ಕೆಳಗಿಡು, ಆಮೇಲೆ ಉಳಿದದ್ದು ಕೇಳು. ತಳ್ಳಬೇಡ, ಎಳೀಬೇಡ, ಮುಟ್ಟಬೇಡ. ಯಾಕೆ ಹೇಳ್ತಿದೀನಿ ಅಂತ ನಿಮ್ಮಮ್ಮನಿಗೆ ಗೊತ್ತು. ನನ್ನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಎರಡು ಚುಕ್ಕಿ ಇದಾವಲ್ಲ, ಚಿಕ್ಕೋರಿದ್ದಾಗ ಎಲ್ಲರೂ ಮುಟ್ಟಿ ಮುಟ್ಟಿ ನೋಡ್ತಿದ್ರಿ, ಅದೇ.

ನಾನು ಪಾಠ ಹೇಳೋಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಕಾಲೇಜಿನ ಪ್ರಯೋಗಶಾಲೆ ಹಿಂದೆ ಒಂದು ಉಗ್ರಾಣ. ಅದರ ಜಂತೆಗೆ ಒಂದು ಬಾವಲಿ ನೇತಾಡ್ತಿತ್ತು. ಸೋಮವಾರ ನೋಡಿದೆ, ಮಂಗಳವಾರ ನೋಡಿದೆ, ಬುಧವಾರವೂ ಅದೇ ಜಾಗ, ಅದೇ ಭಂಗಿ. ಅದೇ ಜಂತೆಯ ಆ ತುದೀಲಿ ಇನ್ನೊಂದು ಇತ್ತು, ಅದು ಯಾವ ಕಾಲಕ್ಕೋ ಸತ್ತು ಒಣಗಿ ಹಪ್ಪಳ ಆಗಿದ್ರೂ ಹಾಗೇ ತೂಗಾಡ್ತಿತ್ತು. ಇದೂ ಸತ್ತಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಜಾಡಿಗೆ ಹಾಕಿಡೋಣ, ಮಕ್ಕಳಿಗೆ ತೋರಿಸೋಕಾಗುತ್ತೆ ಅಂತ ಸಂಜೆ ಎಲ್ಲರೂ ಹೋದ ಮೇಲೆ ಸ್ಟೂಲ್ ಹತ್ತಿ, ಬರಿಗೈಯಲ್ಲಿ ಹಿಡಿದು ಕೆಳಕ್ಕೆ ಎಳೆದೆ.

ಬರಲಿಲ್ಲ. ಇಷ್ಟೇ ಇಷ್ಟು ಪ್ರಾಣಿ, ಬೆಂಕಿಪೊಟ್ಟಣದಷ್ಟೂ ತೂಕ ಇಲ್ಲ, ಮರಕ್ಕೆ ಮೊಳೆ ಹೊಡೆದ ಹಾಗೆ ಕೂತಿದೆ. ಜೋರು ಮಾಡಿದೆ. ಇನ್ನೂ ಬಿಗಿಯಾಯ್ತು. ಅಲ್ಲೇ ಬುದ್ಧಿ ಬರಬೇಕಿತ್ತು ನಂಗೆ, ಬರಲಿಲ್ಲ. ಮತ್ತೂ ಎಳೆದಾಗ ಕಾಲಿನ ಒಂದು ಉಗುರು ಚಟ್ ಅಂತ ಮುರೀತು, ಅಷ್ಟರಲ್ಲಿ ನನ್ನ ಅಂಗೈಯೊಳಗೆ ಅದರ ಮೈ ಗಡಗಡ ನಡುಗೋಕೆ ಶುರುವಾಯ್ತು. ಹೊಲಿಗೆ ಮೆಷಿನ್ ಮುಟ್ಟಿದ ಹಾಗೆ. ಬಿಡೋಣ ಅನ್ನೋದರೊಳಗೆ ಕಚ್ಚಿತ್ತು.

ಯಾಕೆ ಬರಲಿಲ್ಲ ಅನ್ನೋದು ಆಮೇಲೆ ಒಂದು ಸತ್ತ ಬಾವಲಿಯ ಕಾಲನ್ನ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣ್ಣಾರೆ ಕಂಡೆ. ನಮ್ಮ ಬೆರಳಲ್ಲೂ ಅದರ ಬೆರಳಲ್ಲೂ ಮಡಚೋಕೆ ಒಂದು ದಾರ ಇರುತ್ತೆ, ಸ್ನಾಯುರಜ್ಜು. ಅದು ಒಂದು ಒರೆಯೊಳಗೆ ಜಾರ್ತಾ ಹೋಗಿ ಬರುತ್ತೆ. ನಮ್ಮದು ನುಣ್ಣಗಿದೆ. ಬಾವಲಿಯದ್ದು ಹಾಗಲ್ಲ, ದಾರದ ಒಂದು ಮಗ್ಗುಲಲ್ಲಿ ಸಣ್ಣ ಸಣ್ಣ ಗಂಟು, ಒರೆಯ ಒಳಮೈಯಲ್ಲಿ ಅದಕ್ಕೆ ಸರಿಯಾಗಿ ಅಡ್ಡಡ್ಡ ಮಡಿಕೆ. ವೈರ್ ಕಟ್ಟೋಕೆ ಪ್ಲಾಸ್ಟಿಕ್ ಪಟ್ಟಿ ಬರುತ್ತಲ್ಲ, ಒಂದು ಕಡೆಯಿಂದ ತೂರಿಸಿದ್ರೆ ಕರಕರ ಅಂತ ಹೋಗುತ್ತೆ, ವಾಪಸ್ ಬರೋಲ್ಲ, ಹಾಗೆ ಅಂದ್ಕೊಳ್ಳಿ. ಬಾವಲಿ ಉಗುರು ಸಿಕ್ಕಿಸಿ ಮೈ ಬಿಟ್ಟ ತಕ್ಷಣ ಅದರ ತೂಕವೇ ಆ ದಾರವನ್ನ ಎಳೆಯುತ್ತೆ, ಗಂಟು ಮಡಿಕೆಗೆ ಕಚ್ಚಿಕೊಳ್ಳುತ್ತೆ, ಬೆರಳಿಗೆ ಬೀಗ ಬೀಳುತ್ತೆ. ಅಲ್ಲಿಂದ ಮುಂದೆ ಮಾಂಸಖಂಡಕ್ಕೆ ಕೆಲಸವೇ ಇಲ್ಲ.

ನಾವು ಒಂದು ಕೊಂಬೆ ಹಿಡಿದು ಜೋತುಬಿದ್ರೆ ಹಿಡಿದಿರೋಕೆ ಶಕ್ತಿ ಬೇಕು, ಬಿಡೋಕೆ ಏನೂ ಬೇಡ. ಬಾವಲಿಗೆ ಪೂರಾ ಉಲ್ಟಾ. ಹಿಡಿದಿರೋದು ಬಿಟ್ಟಿ, ಬಿಡೋಕೇ ಶ್ರಮ. ಕಾಲನ್ನ ಒಂಚೂರು ಮಡಚಿ, ಮೈಯನ್ನ ಮೇಲಕ್ಕೆತ್ತಿ, ದಾರದ ಮೇಲಿನ ಭಾರ ಇಳಿಸಿದ ಮೇಲೆ ತಾನೇ ಬೆರಳು ಬಿಚ್ಚಬೇಕು. ಅದಕ್ಕೇ ನಿದ್ದೆಯಲ್ಲಿ ಬೀಳಲ್ಲ, ಸತ್ತರೂ ಬೀಳಲ್ಲ. ನಾನು ಕೆಳಕ್ಕೆ ಎಳೆದಾಗ ಏನು ಮಾಡ್ತಿದ್ದೆ ಹೇಳಿ? ಅದರ ತೂಕಕ್ಕೆ ನನ್ನ ತೂಕ ಸೇರಿಸಿ ಬೀಗವನ್ನ ಇನ್ನಷ್ಟು ಜಡೀತಿದ್ದೆ. ನೇತಾಡ್ತಿದೆ ಅನ್ನೋದರಿಂದ ಬದುಕಿದೆಯೋ ಸತ್ತಿದೆಯೋ ಗೊತ್ತಾಗಲ್ಲ, ಆ ಉಗ್ರಾಣದಲ್ಲಿ ಎರಡೂ ಒಂದೇ ಜಂತೆಗೆ ಇದ್ವು.

ಅಲ್ಲಾಡಲ್ಲ ಅಂದ್ಯಲ್ಲ, ಅದೂ ಸಾಕ್ಷಿ ಅಲ್ಲ. ಹುಳ ತಿನ್ನೋ ಸಣ್ಣ ಬಾವಲಿಗಳು ತಂಪು ಹೊತ್ತಲ್ಲಿ ಮೈಬಿಸಿಯನ್ನೇ ಇಳಿಸಿಬಿಡ್ತಾವೆ, ಸುತ್ತಲಿನ ಗಾಳಿಯಷ್ಟೇ ತಣ್ಣಗೆ. ಹಾರುವಾಗ ನಿಮಿಷಕ್ಕೆ ನೂರಾರು ಸಲ ಬಡಿಯೋ ಎದೆ ಆಗ ಹತ್ತಿಪ್ಪತ್ತಕ್ಕೆ ಬಂದು ನಿಲ್ಲುತ್ತೆ, ಉಸಿರು ಬಿಟ್ಟು ಬಿಟ್ಟು ಬರುತ್ತೆ. ನನ್ನ ಕೈಯಲ್ಲಿ ನಡುಗಿದ್ದು ಹೆದರಿ ಅಂತ ಆಗ ಅಂದ್ಕೊಂಡಿದ್ದೆ. ಹೆದರಿಕೆ ಇದ್ದೇ ಇರುತ್ತೆ, ಆದರೆ ಅದು ಮೈ ಕಾಯಿಸಿಕೊಳ್ಳೋ ನಡುಕ.

ಕಚ್ಚಿಸಿಕೊಂಡ ನೋವಿಗೆ ಕೈ ಒದರಿದೆ. ಅದು ನೆಲಕ್ಕೆ ಬಿತ್ತು. ಈಗ ನೋಡಿ, ಇಲ್ಲಿ ನಿಮ್ಮ "ಯಾಕೆ ತಲೆಕೆಳಗೆ" ಅನ್ನೋದಕ್ಕೆ ಉತ್ತರ ಇರೋದು. ಹಕ್ಕಿ ಆಗಿದ್ರೆ ಎರಡು ಕಾಲಲ್ಲಿ ನೆಲ ಒದ್ದು ಪುರ್ ಅಂತ ಎದ್ದಿರೋದು. ಬಾವಲಿಗೆ ಒದೆಯೋ ಕಾಲಿಲ್ಲ. ಹಾರೋಕೆ ಮೈ ಹಗುರ ಇರಬೇಕಲ್ಲ, ಕಾಲು ಕಡ್ಡಿಯಾಗಿದೆ. ಜೋತುಬೀಳೋ ಎಳೆತ ತಡೆಯುತ್ತೆ, ನಿಂತು ಭಾರ ಹೊರೋಕೆ ಹೇಳಿ ಮಾಡಿಸಿದ್ದಲ್ಲ. ಮೇಲಾಗಿ ಸೊಂಟದ ಹತ್ರವೇ ತಿರುಚಿಕೊಂಡು ಮಂಡಿ ಹಿಂದಕ್ಕೆ ಮುಖ ಮಾಡಿರುತ್ತೆ. ನೆಲದಿಂದಲೇ ಚಂಗನೆ ನೆಗೆದು ಹಾರೋ ಜಾತಿಯೂ ಇದೆ, ರಕ್ತ ಕುಡಿಯೋ ಬಾವಲಿ, ಅದೂ ಕಾಲಿಂದಲ್ಲ, ರೆಕ್ಕೆತೋಳಿನ ಬಲದಿಂದ. ನನ್ನದು ಅಂಥಾದ್ದಲ್ಲ. ಮಣಿಕಟ್ಟು ಊರಿ, ತೆವಳಿಕೊಂಡು, ಗೋಡೆಗೆ ಒರಗಿಸಿದ್ದ ಗೋಣಿಚೀಲದ ತನಕ ಹೋಯ್ತು. ರೆಕ್ಕೆ ಮೇಲಿನ ಹೆಬ್ಬೆರಳ ಉಗುರು ಸಿಕ್ಕಿಸಿ ಸಿಕ್ಕಿಸಿ ಚೀಲ ಹತ್ತಿತು, ಅಲ್ಲಿಂದ ಕಿಟಕಿ ಪರದೆ ಹತ್ತಿತು. ನನ್ನ ತಲೆಯ ಎತ್ತರ ಬಂದ ಮೇಲೆ ತಿರುಗಿ ನೇತುಬಿದ್ದು, ಬೆರಳು ಬಿಟ್ಟು ಬಿತ್ತು. ಬೀಳ್ತಾ ಬೀಳ್ತಾ ರೆಕ್ಕೆ ಬಿಚ್ಚಿತು, ಎರಡಡಿ ಇಳಿಯೋದರೊಳಗೆ ಹಾರಾಟ ಸಿಕ್ಕಿತ್ತು, ಕಿಟಕಿಯಿಂದ ಹೊರಟೇಹೋಯ್ತು. ನಾನು ರಕ್ತ ಸುರಿಸಿಕೊಂಡು ಬಾಯಿ ಬಿಟ್ಕೊಂಡು ನಿಂತಿದ್ದೆ. ಹಕ್ಕಿಗೆ ಒದ್ದು ಸಿಗೋ ವೇಗ ಇದಕ್ಕೆ ಬಿದ್ದು ಸಿಗುತ್ತೆ. ಮಲಗಿದ ಜಾಗದಿಂದಲೇ ಬಿಟ್ರೆ ಸಾಕು. ಜೊತೆಗೆ ಅಷ್ಟು ಎತ್ತರದ ಸೂರಿಗೆ, ಗುಹೆಯ ಚಾವಣಿಗೆ ಬಂದು ಹಿಡಿಯೋ ವೈರಿ ಕಡಿಮೆ.

ರಕ್ತ ತಲೆಗೆ ಇಳಿಯೋ ವಿಷಯ. ಒತ್ತಡ ಬರೋದು ರಕ್ತದ ಕಂಬ ಎಷ್ಟು ಎತ್ತರ ಇದೆ ಅನ್ನೋದರ ಮೇಲೆ. 160 ಸೆಂಟಿಮೀಟರ್ ಎತ್ತರದ ನಾನು ತಲೆಕೆಳಗಾದ್ರೆ ಪಾದದಿಂದ ತಲೆಯವರೆಗಿನ ಕಂಬ ಬಿಪಿ ಅಳೆಯೋ ಲೆಕ್ಕದಲ್ಲಿ ಸುಮಾರು 125. ನಿಮ್ಮ ವರಾಂಡದ್ದು 5 ಸೆಂಟಿಮೀಟರ್ ಇದ್ರೆ ಬರೀ 4. ಅದಕ್ಕೆ ಏನೂ ಅನ್ನಿಸಲ್ಲ. ದೊಡ್ಡ ಬಾವಲಿಗೆ ಕಂಬ ಉದ್ದ, ನಿಜ. ಆದರೆ ಬಾವಲಿಗಳ ರೆಕ್ಕೆಯ ರಕ್ತನಾಳಗಳಲ್ಲಿ ಹಿಂದಕ್ಕೆ ಹರಿಯದ ಹಾಗೆ ಕವಾಟ ಇದೆ, ಆ ನಾಳಗಳು ತಾವೇ ಹಿಂಡಿ ಹಿಂಡಿ ರಕ್ತವನ್ನ ಹೃದಯಕ್ಕೆ ತಳ್ತಾವೆ. ಪುಟ್ಟು ಕೇಳೇ ಕೇಳ್ತಾನೆ, ಉಚ್ಚೆ ಮೈಮೇಲೆ ಬೀಳಲ್ವಾ ಅಂತ. ಹಣ್ಣು ತಿನ್ನೋ ದೊಡ್ಡ ಬಾವಲಿ ಹೆಬ್ಬೆರಳ ಉಗುರಿಂದ ಕೊಂಬೆ ಹಿಡಿದು, ತಲೆ ಮೇಲೆ ಮಾಡಿಕೊಂಡು, ಕೆಲಸ ಮುಗಿಸಿ ಮತ್ತೆ ತಿರುಗಿಕೊಳ್ಳುತ್ತೆ. ನಮ್ಮವರಿಗಿಂತ ಶಿಸ್ತು.

ಮತ್ತೆ ಹೇಳ್ತೀನಿ, ತಳ್ಳಬೇಡಿ, ಎಳೀಬೇಡಿ. ಸತ್ತಿದೆ ಅಂತ ಕಂಡರೂ ಬರಿಗೈಲಿ ಮುಟ್ಟಬೇಡಿ. ಆಗಿನ ಕಾಲದಲ್ಲಿ ರೇಬೀಸ್ ಬರದಿರಲಿ ಅಂತ ನಂಗೆ ಹೊಟ್ಟೆಗೆ ದಿನಕ್ಕೊಂದರಂತೆ 14 ಸೂಜಿ. ಈಗ ತೋಳಿಗೆ ನಾಲ್ಕೈದರಲ್ಲಿ ಮುಗಿಯುತ್ತೆ. ಆ 14 ದಿನವೂ ನಾನು ಒಬ್ಬಳೇ ಹೋಗಿ ಬಂದೆ. "ನಾಳೆ ನಾನು ಬರ್ತೀನಿ, ನಾಳೆ ಖಂಡಿತಾ" ಅಂತ ದಿನಾ ಹೇಳಿದೋರು ಒಬ್ಬರಿದ್ರು, ಹೆಸರು ಬೇಡ, ಈ ಗ್ರೂಪಲ್ಲೇ ಇದಾರೆ, ಈ ಮೆಸೇಜೂ ಕೇಳ್ತಾರೆ. ಕಾಲೇಜಲ್ಲಿ "ನಿಮ್ಮ ಅಜಾಗರೂಕತೆ" ಅಂತ ಅಷ್ಟೂ ದಿನದ ರಜೆ ಕತ್ತರಿಸಿದ್ರು. ಮನೇಲಿ ಸಿಕ್ಕಿದ್ದು "ಬಾವಲಿ ಟೀಚರ್" ಅನ್ನೋ ಬಿರುದು. ಮದುವೆ ಮಾತುಕತೆಯಲ್ಲೂ ಅದನ್ನೇ ಹೇಳಿ ನಗಾಡಿದ್ರಲ್ಲ! ಈಗಲೂ ಹಾಗೇ. ವರ್ಷಪೂರ್ತಿ ಗ್ರೂಪಲ್ಲಿ ನಾನು ಹಾಕಿದ್ದಕ್ಕೆ ಒಂದು ಹೂಂ ಅನ್ನೋರಿಲ್ಲ, ವರಾಂಡಕ್ಕೆ ಬಾವಲಿ ಬಂದಾಗ ದೊಡ್ಡಮ್ಮ ನೆನಪಾಗ್ತಾಳೆ. ಇರಲಿ.

ಏನು ಹೇಳೋಕೆ ಹೊರಟಿದ್ದೆ... ಹಾಂ, ಏನು ಮಾಡಬೇಕು ಅನ್ನೋದು. ಏನೂ ಮಾಡಬೇಡಿ. ಸಂಜೆ ವರಾಂಡದ ದೀಪ ಆರಿಸಿ, ಒಳಗಿನ ಬಾಗಿಲು ಹಾಕಿ, ದೂರದಿಂದ ನೋಡಿ. ಬದುಕಿದ್ರೆ ಕತ್ತಲಾಗೋ ಹೊತ್ತಿಗೆ ಮೊದಲು ಕಿವಿ ಆಡುತ್ತೆ, ಆಮೇಲೆ ಆ ನಡುಕ, ಆಮೇಲೆ ಬಿಟ್ಟು ಬೀಳುತ್ತೆ. ಕೆಳಗೆ ನೆಲದಲ್ಲಿ ಹೊಸ ಹಿಕ್ಕೆ ಇದ್ರೆ ರಾತ್ರಿ ಹೋಗಿ ಬರ್ತಿದೆ ಅಂತ ಅರ್ಥ, ನೀವು ನೋಡಿದ್ದು ಅದು ವಾಪಸ್ ಬಂದ ಮೇಲೆ. ಇರುವೆ ಹತ್ತಿದ್ರೆ, ರೆಕ್ಕೆ ಒಣಗಿ ಸುಕ್ಕಾಗಿದ್ರೆ ಸತ್ತಿದೆ, ಆಗ ದಪ್ಪ ಕೈಗವಸು ಹಾಕಿ, ಎಳೆಯದೆ ಮೈಯನ್ನ ಸ್ವಲ್ಪ ಮೇಲಕ್ಕೆತ್ತಿ ಉಗುರು ಬಿಡಿಸಬೇಕು. ಕೆಳಗೆ ಬಿದ್ದು ಒದ್ದಾಡ್ತಿದ್ರೆ ಮೇಲೊಂದು ರಟ್ಟಿನ ಡಬ್ಬ ಮುಚ್ಚಿ, ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ.

ಅಯ್ಯೋ, ಮೊದಲು ಕೇಳಬೇಕಾದ್ದನ್ನೇ ಮರೆತೆ ನೋಡು. ಪುಟ್ಟು ಅದನ್ನ ಆಗಲೇ ಮುಟ್ಟಿದಾನಾ? ನಿನ್ನೆ ರಾತ್ರಿ ಯಾರಾದ್ರೂ ವರಾಂಡದಲ್ಲೇ ಮಲಗಿದ್ರಾ? ಬೈತಾರೆ ಅಂತ ಮುಚ್ಚಿಡಬಹುದು ಅವನು, ಸಮಾಧಾನವಾಗಿ ಕೇಳು. ಅದರ ಹಲ್ಲು ಸೂಜಿಮೊನೆ, ನಿದ್ದೆಯಲ್ಲಿ ಕಚ್ಚಿದ್ರೆ ಎಚ್ಚರ ಆಗದೇ ಇರಬಹುದು, ಗುರುತೂ ಕಾಣದೇ ಇರಬಹುದು. ಮುಟ್ಟಿದ್ರೆ, ಪರಚಿದ್ರೆ, ಅನುಮಾನ ಇದ್ರೂ ಸರಿ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಇವತ್ತೇ ಡಾಕ್ಟರ ಹತ್ರ ಕರ್ಕೊಂಡು ಹೋಗು. ರೇಬೀಸ್ ಲಕ್ಷಣ ಶುರುವಾದ ಮೇಲೆ ಔಷಧಿ ಇಲ್ಲ. ನಾನು ಜೊತೆಗೆ ಬರ್ತೀನಿ. ಈಗಲೇ ಫೋನ್ ಮಾಡು.