ಎರಡು ಸೆಕ್ಷನ್‌ಗೂ ಸರಾಸರಿ 14: ಸಭೆಗೆ ಏನು ತೋರಿಸಲಿ?

ಕೇಳಿದವರು: ಒಂಬತ್ತನೇ ಕ್ಲಾಸಿನ ಎ, ಬಿ ಸೆಕ್ಷನ್‌ಗಳಲ್ಲಿ ತಲಾ 20 ಮಕ್ಕಳು. 25 ಅಂಕದ ಗಣಿತ ಟೆಸ್ಟಲ್ಲಿ ಎರಡಕ್ಕೂ ಸರಾಸರಿ ಸರಿಯಾಗಿ 14. ಎ ಮಕ್ಕಳ ಅಂಕ 10ರಿಂದ 17ರೊಳಗೇ ಇದೆ. ಬಿ ಹೀಗಿದೆ: 4, 5, 5, 6, 6, 7, 8, 8, 9, 12, 19, 19, 20, 20, 21, 21, 22, 22, 23, 23. ಸ್ಟಾಫ್ ಮೀಟಿಂಗಿಗೆ ಒಂದೇ ಹಾಳೆ ಸಾಕು ಅಂದಿದ್ದಾರೆ ಹೆಡ್‌ಮಾಸ್ಟರ್. ಏನು ಹಾಕಲಿ?

ಪ್ರೌಢಶಾಲೆ ಗಣಿತ ಶಿಕ್ಷಕಿ: ಬಿ ಸೆಕ್ಷನ್ನಿನಲ್ಲಿ 14 ತೆಗೆದ ಮಗು ಒಂದೂ ಇಲ್ಲ, ನೋಡಿ. ಹತ್ತು ಮಕ್ಕಳು 12 ಅಥವಾ ಅದಕ್ಕಿಂತ ಕೆಳಗೆ, ಹತ್ತು ಮಕ್ಕಳು 19 ಅಥವಾ ಅದಕ್ಕಿಂತ ಮೇಲೆ. ಸರಾಸರಿಯ ಪಕ್ಕದಲ್ಲೇ, ಅಂಕಗಳು ಅದರಿಂದ ಎಷ್ಟು ದೂರ ಹರಡಿವೆ ಅಂತ ಹೇಳುವ ಮಾನಕ ವಿಚಲನೆ ಬರೆಯಿರಿ. ಬಿಗೆ ಲೆಕ್ಕ ಹಾಕಿದೆ, ಸುಮಾರು 7.2 ಬಂತು. ಎ ಅಂಕಗಳು ಅಷ್ಟು ಹತ್ತಿರ ಇದ್ದರೆ ಅದು 3ನ್ನೂ ಮುಟ್ಟಲಿಕ್ಕಿಲ್ಲ. ಇಡೀ ತರಗತಿಯ ಅಂಕ ಕೈಯಲ್ಲಿದೆಯಲ್ಲ, ಹಾಗಾಗಿ ಶೀಟಿನಲ್ಲಿ ಈ ಸೂತ್ರ:

```
=AVERAGE(C2:C21)
=STDEV.P(C2:C21)
```

ಗೈರುಹಾಜರಾದವರಿಗೆ 0 ತುಂಬಬೇಡಿ. ಸೊನ್ನೆಯೂ ಒಂದು ಅಂಕವಾಗಿ ಸರಾಸರಿಯನ್ನು ಕೆಳಗೆಳೆಯುತ್ತದೆ. AB ಅಂತ ಬರೆದರೆ ಸೂತ್ರ ಅದನ್ನು ಬಿಟ್ಟುಬಿಡುತ್ತದೆ.

ನಿವೃತ್ತ ಮೇಷ್ಟ್ರು: ಮಾನಕ ವಿಚಲನೆ ಅಂದರೆ ಕನ್ನಡ, ಹಿಂದಿ ಮೇಷ್ಟ್ರುಗಳು ಗಡಿಯಾರ ನೋಡ್ತಾರೆ ಅಮ್ಮಾ! ಅತಿ ಹೆಚ್ಚು, ಅತಿ ಕಡಿಮೆ ಹೇಳಿದರೆ ಮುಗೀತು. ಎ 10–17, ಬಿ 4–23.

ಗಣಿತ ಶಿಕ್ಷಕಿ: ಸರ್, ಇಲ್ಲಿ ಅದು ನಡೆಯುತ್ತೆ. ಆದರೆ ಜ್ವರದಲ್ಲಿ ಬಂದ ಎ ಸೆಕ್ಷನ್ ಹುಡುಗ ಒಬ್ಬ 2 ತೆಗೆದಿದ್ದರೆ ಅದೇ ಸಾಲು 2–17 ಆಗ್ತಿತ್ತು, ಉಳಿದ ಹತ್ತೊಂಬತ್ತು ಮಕ್ಕಳು ಇದ್ದಲ್ಲೇ ಇದ್ದರೂ. ಮೀಟಿಂಗಲ್ಲಿ ಮಾನಕ ವಿಚಲನೆ ಅನ್ನೋ ಹೆಸರು ಹೇಳಬೇಡಿ ಅನ್ನೋದು ನನಗೂ ಒಪ್ಪಿಗೆ. ಹಾಳೆಯ ಮೂಲೆಯಲ್ಲಿ ಸಂಖ್ಯೆ ಇರಲಿ, ಬಾಯಲ್ಲಿ ಚಾರ್ಟ್ ವಿವರಿಸಿ.

ಪ್ರೈಮರಿ ಟೀಚರ್: ನಾನು ಪ್ರತಿ ಮಗುವಿಗೂ ಒಂದೊಂದು ಕಂಬ ಬರೆದು, ಹೆಸರು ಹಾಕಿ ಗೋಡೆಗೆ ಅಂಟಿಸ್ತೀನಿ. ಪೇರೆಂಟ್ಸಿಗೆ ತುಂಬಾ ಇಷ್ಟ.

ಗಣಿತ ಶಿಕ್ಷಕಿ: ಇದು ಪೇರೆಂಟ್ಸ್ ಮೀಟಿಂಗ್ ಅಲ್ಲ ಮೇಡಂ. ಹೆಸರು ಹಾಕಿದರೆ ಮಾತೆಲ್ಲ ಆ ಒಂದು ಮಗುವಿನ ಮೇಲೇ ಹೋಗುತ್ತೆ. ಅಂಕಗಳನ್ನು ಗುಂಪು ಮಾಡಿ ಎಣಿಸಿ. 0–5ಕ್ಕೆ 3 ಮಕ್ಕಳು, 6–10ಕ್ಕೆ 6, 11–15ಕ್ಕೆ ಒಬ್ಬರೇ, 16–20ಕ್ಕೆ 4, 21–25ಕ್ಕೆ 6. ಒಂದು ಗುಂಪಿಗೆ ಸೂತ್ರ:

```
=COUNTIFS(C2:C21,">=6",C2:C21,"<=10")
```

ಕಂಬ ಬರೆದಾಗ ನಡುವೆ ಬಿದ್ದ ಹಳ್ಳ ಯಾರಿಗೂ ಕಾಣುತ್ತೆ. ಎರಡೂ ಸೆಕ್ಷನ್‌ಗೆ ಒಂದೇ ಗುಂಪು, ಒಂದೇ ಎತ್ತರದ ಅಳತೆ ಇಡಿ. ತಂತ್ರಾಂಶ ತಾನೇ ಅಳತೆ ಆರಿಸಿದರೆ ಬಿಯ 6ರ ಕಂಬ ಎ ಸೆಕ್ಷನ್ನಿನ ದೊಡ್ಡ ಕಂಬದಷ್ಟೇ ಎತ್ತರ ಕಾಣಬಹುದು.

ಕೇಳಿದವರು: ಬರೆದೆ, ಹಳ್ಳ ಎದ್ದು ಕಾಣ್ತಿದೆ. ಎ ವಿಚಲನೆ 1.8 ಬಂತು. ಆದರೆ ಬಿ ಸೆಕ್ಷನ್ ಹೀಗೆ ಎರಡು ಪಾಲಾಗಿದ್ದು ಯಾಕೆ ಅಂತ ಕೇಳಿದರೆ?

ನಿವೃತ್ತ ಮೇಷ್ಟ್ರು: ಟ್ಯೂಷನ್ನು, ಇನ್ನೇನು.

ಗಣಿತ ಶಿಕ್ಷಕಿ: ಇರಬಹುದು, ಚಾರ್ಟ್ ಅದನ್ನು ಹೇಳಲ್ಲ. ಆ ಕೆಳಗಿನ ಹತ್ತು ಉತ್ತರಪತ್ರಿಕೆ ತೆಗೆದು, ಯಾವ ಪ್ರಶ್ನೆಗೆ ಎಷ್ಟು ಮಂದಿ ಕೈ ಹಾಕಿಲ್ಲ ಅಂತ ಎಣಿಸಿ. ಬೀಜಗಣಿತದ ಒಂದೇ ಪಾಠದಲ್ಲಿ ಎಲ್ಲರೂ ಬಿಟ್ಟಿದ್ದರೆ ಸಭೆಯಲ್ಲಿ ಕೇಳಬೇಕಾದ್ದು ಆ ಪಾಠಕ್ಕೆ ಎರಡು ಪೀರಿಯಡ್.